ಥೈರಾಯ್ಡ್ ಮತ್ತು ಹೃದಯ: ತಾಳ ತಪ್ಪುವ ಬಡಿತ, ಏರುವ ಕೊಲೆಸ್ಟ್ರಾಲ್ – ಪದೇ ಪದೇ ಕೇಳುವ ಪ್ರಶ್ನೆಗಳು

ಗ್ರಂಥಿ ಇರುವುದು ಕುತ್ತಿಗೆಯಲ್ಲಿ. ಅದಕ್ಕೂ ಹೃದಯಕ್ಕೂ ಏನು ಸಂಬಂಧ?

ಥೈರಾಯ್ಡ್ ಗ್ರಂಥಿ ಮುಖ್ಯವಾಗಿ ಟಿ4 ಎಂಬ ಹಾರ್ಮೋನನ್ನು ತಯಾರಿಸುತ್ತದೆ, ಜೊತೆಗೆ ಸ್ವಲ್ಪ ಟಿ3. ರಕ್ತಕ್ಕೆ ಸೇರಿದ ಟಿ4 ಲಿವರ್, ಕಿಡ್ನಿಯಂಥ ಕಡೆ ಟಿ3 ಆಗಿ ಬದಲಾಗುತ್ತದೆ. ನಿಜವಾದ ಕೆಲಸ ಮಾಡುವುದು ಈ ಟಿ3. ಹೃದಯದ ಬಡಿತದ ವೇಗ, ಸ್ನಾಯು ಹಿಂಡುವ ಬಿರುಸು, ರಕ್ತನಾಳಗಳ ಸಡಿಲಿಕೆ, ಕೊಲೆಸ್ಟ್ರಾಲನ್ನು ಲಿವರ್ ಎಷ್ಟು ಬೇಗ ಎಳೆದುಕೊಳ್ಳುತ್ತದೆ ಎಂಬುದು, ಇವೆಲ್ಲಕ್ಕೂ ಟಿ3 ಬೇಕು. ಅದು ಜಾಸ್ತಿಯಾದರೆ ಒಂದು ಬಗೆಯ ತೊಂದರೆ, ಕಡಿಮೆಯಾದರೆ ಇನ್ನೊಂದು ಬಗೆ.

1835ರಲ್ಲಿ ಡಬ್ಲಿನ್ನಿನ ವೈದ್ಯ ರಾಬರ್ಟ್ ಗ್ರೇವ್ಸ್ ಥೈರಾಯ್ಡ್ ಜಾಸ್ತಿಯಾಗುವ ಒಂದು ಕಾಯಿಲೆಯನ್ನು ವಿವರಿಸಿದಾಗ ಅವರ ಗಮನ ಸೆಳೆದದ್ದೇ ಎದೆಬಡಿತ. ಮೂವರು ಹೆಂಗಸರಲ್ಲಿ ಬಹುಕಾಲದಿಂದ ಜೋರಾದ ಎದೆಬಡಿತವಿತ್ತು, ಮೂವರಿಗೂ ಕುತ್ತಿಗೆಯ ಗ್ರಂಥಿ ಊದಿತ್ತು. ಇವತ್ತು ಅದನ್ನು ಗ್ರೇವ್ಸ್ ಕಾಯಿಲೆ ಎಂದೇ ಕರೆಯುತ್ತೇವೆ.

ರಿಪೋರ್ಟಿನಲ್ಲಿ ಟಿಎಸ್‌ಎಚ್ ಕಡಿಮೆ ಅಂತ ಬಂದಿದೆ. ಅಂದರೆ ಥೈರಾಯ್ಡ್ ಕಡಿಮೆ ಅಂತ ತಾನೆ?

ಅಲ್ಲ, ಉಲ್ಟಾ. ಟಿಎಸ್‌ಎಚ್ ಬರುವುದು ಥೈರಾಯ್ಡಿನಿಂದಲ್ಲ, ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಿಂದ. ರಕ್ತದಲ್ಲಿ ಥೈರಾಯ್ಡ್ ಹಾರ್ಮೋನು ಸಾಲದಿದ್ದರೆ ಪಿಟ್ಯುಟರಿ ಟಿಎಸ್‌ಎಚ್ ಹೆಚ್ಚಿಸಿ ಥೈರಾಯ್ಡನ್ನು ದುಡಿಸುತ್ತದೆ. ಹಾರ್ಮೋನು ಜಾಸ್ತಿಯಾದರೆ ಟಿಎಸ್‌ಎಚ್ ಬಿಡುವುದನ್ನೇ ನಿಲ್ಲಿಸುತ್ತದೆ. ಸಾಮಾನ್ಯ ಮಟ್ಟ ಹೆಚ್ಚುಕಡಿಮೆ 0.4ರಿಂದ 4ರವರೆಗೆ, ಲ್ಯಾಬಿನಿಂದ ಲ್ಯಾಬಿಗೆ ಸ್ವಲ್ಪ ವ್ಯತ್ಯಾಸ ಇರುತ್ತದೆ. 0.01 ಬಂದಿದ್ದರೆ ಥೈರಾಯ್ಡ್ ಹಾರ್ಮೋನು ಅತಿಯಾಗಿದೆ ಎಂಬ ಅನುಮಾನ, 30 ಬಂದಿದ್ದರೆ ಗ್ರಂಥಿ ಸೋತಿದೆ ಎಂಬ ಅನುಮಾನ. ಜೊತೆಗೆ ಫ್ರೀ ಟಿ4, ಅಂದರೆ ರಕ್ತದ ಪ್ರೋಟೀನಿಗೆ ಅಂಟಿಕೊಳ್ಳದೆ ಬಿಡಿಯಾಗಿರುವ ಟಿ4 ನೋಡಿ ಖಚಿತ ಮಾಡಿಕೊಳ್ಳುತ್ತಾರೆ.

ಹೃದಯದ ಡಾಕ್ಟರ ಹತ್ತಿರ ಹೋದಾಗ ಸುಮ್ನೆ "ನನಗೆ ಥೈರಾಯ್ಡ್ ಇದೆ" ಅಂತ ಹೇಳಿದರೆ ಸಾಲದು. ಜಾಸ್ತಿಯೋ ಕಡಿಮೆಯೋ, ಯಾವ ಮಾತ್ರೆ, ಎಷ್ಟು ಡೋಸ್ ಎಂಬುದನ್ನು ಹೇಳಿ. ಎರಡಕ್ಕೂ ಮಾಡುವ ಚಿಕಿತ್ಸೆ ಒಂದಕ್ಕೊಂದು ವಿರುದ್ಧ.

ಥೈರಾಯ್ಡ್ ಜಾಸ್ತಿಯಾದರೆ ಬಡಿತ ವೇಗವಾಗುವುದೇನೋ ಸರಿ. ತಾಳ ಯಾಕೆ ತಪ್ಪುತ್ತದೆ?

ಮೊದಲು ವೇಗದ ವಿಷಯ. ಬಡಿತಕ್ಕೆ ಚಾಲನೆ ಕೊಡುವುದು ಹೃದಯದ ಬಲ ಮೇಲ್ಕೋಣೆಯಲ್ಲಿರುವ ಸೈನಸ್ ನೋಡ್ ಎಂಬ ಪುಟ್ಟ ಜಾಗ. ಟಿ3 ಹೆಚ್ಚಾದಾಗ ಅಲ್ಲಿಂದ ವಿದ್ಯುತ್ ಸಂಕೇತಗಳು ಬೇಗ ಬೇಗ ಹೊರಡುತ್ತವೆ. ಅಡ್ರಿನಲಿನ್‌ಗೆ ಹೃದಯ ಸ್ಪಂದಿಸುವುದೂ ಹೆಚ್ಚಾಗುತ್ತದೆ. ಅದಕ್ಕೇ ಸುಮ್ಮನೆ ಮಲಗಿದ್ದರೂ, ನಿದ್ದೆಯಲ್ಲೂ, ನಾಡಿ 100ರ ಆಸುಪಾಸಿನಲ್ಲಿರುತ್ತದೆ. ಗಾಬರಿಯಿಂದ ಬರುವ ಎದೆಬಡಿತ ನಿದ್ದೆ ಬಂದ ಮೇಲೆ ಇಳಿಯುತ್ತದೆ, ಇದು ಇಳಿಯುವುದಿಲ್ಲ. ಇಲ್ಲಿಯವರೆಗೆ ಬಡಿತ ವೇಗವಾಗಿದ್ದರೂ ಕ್ರಮ ತಪ್ಪಿರುವುದಿಲ್ಲ.

ತಾಳ ತಪ್ಪುವುದು ಮೇಲ್ಕೋಣೆಗಳ ಸ್ನಾಯುವಿನಲ್ಲಿ. ಹೃದಯದ ಸ್ನಾಯು ಒಮ್ಮೆ ಹಿಂಡಿದ ಮೇಲೆ ಒಂದು ಕ್ಷಣ ಯಾವ ಸಂಕೇತಕ್ಕೂ ಸ್ಪಂದಿಸುವುದಿಲ್ಲ. ಅದು ಅದರ ವಿಶ್ರಾಂತಿ. ಈ ವಿಶ್ರಾಂತಿ ಇರುವುದರಿಂದಲೇ ಅಡ್ಡಾದಿಡ್ಡಿ ಹುಟ್ಟುವ ಸಣ್ಣಪುಟ್ಟ ಸಂಕೇತಗಳು ಅಲ್ಲೇ ಸತ್ತುಹೋಗುತ್ತವೆ. ಟಿ3 ಜಾಸ್ತಿಯಾದಾಗ ಮೇಲ್ಕೋಣೆಗಳಲ್ಲಿ ಈ ಅವಧಿ ಕಿರಿದಾಗುತ್ತದೆ. ಅದೇ ಹೊತ್ತಿಗೆ ಶ್ವಾಸಕೋಶದಿಂದ ರಕ್ತ ತರುವ ನಾಳಗಳು ಎಡ ಮೇಲ್ಕೋಣೆಗೆ ಸೇರುವ ಜಾಗದಿಂದ ಹೆಚ್ಚುವರಿ ಸಂಕೇತಗಳೂ ಹುಟ್ಟುತ್ತವೆ. ಅವಕ್ಕೀಗ ತಡೆ ಇಲ್ಲ. ಅಲ್ಲಲ್ಲೇ ಸುತ್ತು ಹಾಕುತ್ತಾ ಒಂದರ ಹಿಂದೆ ಒಂದು ಓಡುತ್ತವೆ. ಮೇಲ್ಕೋಣೆಗಳು ಒಟ್ಟಾಗಿ ಹಿಂಡುವುದು ಬಿಟ್ಟು ನಿಮಿಷಕ್ಕೆ 350ಕ್ಕಿಂತ ಹೆಚ್ಚು ಸಲ ಸುಮ್ಮನೆ ನಡುಗುತ್ತವೆ. ಇದೇ ಏಟ್ರಿಯಲ್ ಫೈಬ್ರಿಲೇಷನ್. ಡಾಕ್ಟರುಗಳು ಚಿಕ್ಕದಾಗಿ ಎಎಫ್ ಎನ್ನುತ್ತಾರೆ.

ಆ ಎಲ್ಲ ಸಂಕೇತಗಳೂ ಕೆಳಕೋಣೆಗಳಿಗೆ ತಲುಪಿದ್ದರೆ ಮನುಷ್ಯ ಬದುಕುತ್ತಿರಲಿಲ್ಲ. ನಡುವೆ ಇರುವ ಎವಿ ನೋಡ್ ಕೆಲವನ್ನು ಮಾತ್ರ ಬಿಡುತ್ತದೆ, ಅದೂ ಯಾವ ಲೆಕ್ಕವೂ ಇಲ್ಲದೆ. ಅದಕ್ಕೇ ನಾಡಿ ವೇಗವಾಗಿಯೂ ಇರುತ್ತದೆ, ಅಡ್ಡಾದಿಡ್ಡಿಯಾಗಿಯೂ ಇರುತ್ತದೆ.

ಇದರ ಜೊತೆ ಇನ್ನೊಂದು ಒತ್ತಡವಿದೆ. ಟಿ3 ರಕ್ತನಾಳಗಳನ್ನು ಸಡಿಲಿಸುತ್ತದೆ, ಕಿಡ್ನಿ ಉಪ್ಪು ನೀರು ಹಿಡಿದಿಟ್ಟುಕೊಳ್ಳುತ್ತದೆ, ರಕ್ತದ ಪ್ರಮಾಣ ಏರುತ್ತದೆ. ಆ ರಕ್ತ ತುಂಬಿ ಮೇಲ್ಕೋಣೆಗಳು ಹಿಗ್ಗುತ್ತವೆ, ಹಿಗ್ಗಿದ ಕೋಣೆಯಲ್ಲಿ ಎಎಫ್ ಸುಲಭವಾಗಿ ನೆಲೆಯೂರುತ್ತದೆ. ಬಿಪಿ ನೋಡಿದರೆ ಮೇಲಿನ ಸಂಖ್ಯೆ ಏರಿ ಕೆಳಗಿನದು ಇಳಿದಿರುತ್ತದೆ, 150/60 ಎಂಬಂತೆ.

ಮನೆಯಲ್ಲೇ ಗೊತ್ತುಮಾಡಿಕೊಳ್ಳಬಹುದಾ?

ಅನುಮಾನ ಪಡುವಷ್ಟಂತೂ ಆಗುತ್ತದೆ. ಐದು ನಿಮಿಷ ಸುಮ್ಮನೆ ಕೂತ ಮೇಲೆ ಅಂಗೈ ಮೇಲೆ ಮಾಡಿ, ಹೆಬ್ಬೆರಳಿನ ನೇರಕ್ಕೆ ಮಣಿಕಟ್ಟಿನ ಕೆಳಗಿನ ತಗ್ಗಿನಲ್ಲಿ ಇನ್ನೊಂದು ಕೈಯ ಮೂರು ಬೆರಳಿಡಿ. ಪೂರ್ತಿ ಒಂದು ನಿಮಿಷ ಎಣಿಸಿ. ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸುವುದು ಇಲ್ಲಿ ಬೇಡ, ಕ್ರಮ ತಪ್ಪಿದ ನಾಡಿಯಲ್ಲಿ ಆ ಲೆಕ್ಕ ತಪ್ಪುತ್ತದೆ. ಎಣಿಸುತ್ತಾ ಮುಂದಿನ ಬಡಿತ ಯಾವಾಗ ಬರುತ್ತದೆ ಅಂತ ಊಹಿಸಲು ನೋಡಿ. ಅಪರೂಪಕ್ಕೆ ಒಂದು ತಪ್ಪಿ ಮತ್ತೆ ಕ್ರಮಕ್ಕೆ ಬಂದರೆ ಅದು ಬಹಳ ಜನರಲ್ಲಿ ಇರುವುದೇ. ಎರಡು ಬಡಿತಗಳ ನಡುವಿನ ಅಂತರ ಒಂದು ಸಲದಂತೆ ಇನ್ನೊಂದು ಸಲ ಇಲ್ಲವೇ ಇಲ್ಲ, ಒಂದು ಗಟ್ಟಿ ಒಂದು ಮೆಲ್ಲಗೆ ಅನ್ನಿಸಿದರೆ ಇಸಿಜಿ ಮಾಡಿಸಿ.

ಎಎಫ್‌ನಲ್ಲಿ ಕೆಲವು ಬಡಿತಗಳಲ್ಲಿ ಹೃದಯ ಸರಿಯಾಗಿ ತುಂಬುವ ಮೊದಲೇ ಹಿಂಡಿಬಿಡುತ್ತದೆ. ಅವು ಮಣಿಕಟ್ಟಿನವರೆಗೆ ತಲುಪುವುದೇ ಇಲ್ಲ. ಹಾಗಾಗಿ ಬೆರಳಿಗೆ ಹಾಕುವ ಆಕ್ಸಿಮೀಟರ್ ನಾಡಿ 96 ಎಂದು ತೋರಿಸುತ್ತಿದ್ದರೂ ಇಸಿಜಿಯಲ್ಲಿ 130 ಇರಬಹುದು.

ನಮ್ಮ ಅಮ್ಮನಿಗೆ ಕೈನಡುಕ ಇಲ್ಲ, ಬೆವರು ಇಲ್ಲ, ಕಣ್ಣು ಮುಂದೆ ಬಂದಿಲ್ಲ. ಆದರೂ ಥೈರಾಯ್ಡ್ ಟೆಸ್ಟ್ ಯಾಕೆ ಬರೆದರು?

ಬರೆದ ಡಾಕ್ಟರು ಸರಿಯಾಗಿಯೇ ಯೋಚಿಸಿದ್ದಾರೆ. ನಡುಕ, ಬೆವರು, ಚಡಪಡಿಕೆ ಇವೆಲ್ಲ ಚಿಕ್ಕ ವಯಸ್ಸಿನವರಲ್ಲಿ ಎದ್ದು ಕಾಣುತ್ತವೆ. ಅರವತ್ತು ದಾಟಿದವರಲ್ಲಿ ಎಷ್ಟೋ ಸಲ ಕಾಣುವುದು ತೂಕ ಇಳಿಯುವುದು, ಸುಸ್ತು, ತಪ್ಪಿದ ನಾಡಿ, ಇಷ್ಟೇ. ಮಂಕಾಗಿ ಕೂತಿರುತ್ತಾರೆ. ಮನೆಯವರು ವಯಸ್ಸಾಯ್ತು ಅಂದುಕೊಳ್ಳುತ್ತಾರೆ.

ಒಂದು ಉದಾಹರಣೆಯನ್ನು ಪೂರ್ತಿ ನೋಡೋಣ. 67 ವರ್ಷದ ಅಜ್ಜಿ ಎಂದಿಟ್ಟುಕೊಳ್ಳಿ. ಬಿಪಿ ಮೊದಲಿನಿಂದಲೂ ಇದೆ. ನಾಲ್ಕು ತಿಂಗಳಲ್ಲಿ ಆರು ಕೆಜಿ ಇಳಿದಿದ್ದಾರೆ, ಊಟ ಮಾತ್ರ ಎಂದಿನಂತೇ ಇದೆ. ಮೆಟ್ಟಿಲು ಹತ್ತಿದರೆ ಏದುಸಿರು. ಕುತ್ತಿಗೆಯಲ್ಲಿ ವರ್ಷಗಳಿಂದ ಇರುವ ಗಂಟು ಗಂಟಾದ ಗಳಗಂಡ. ಮಲೆನಾಡಿನ ಕಡೆ ಹಿಂದೆ ಅಯೋಡಿನ್ ಕೊರತೆಯಿಂದ ಇಂಥ ಗಳಗಂಡ ಸಾಮಾನ್ಯವಾಗಿತ್ತು. ಅದರೊಳಗಿನ ಗಂಟುಗಳು ವಯಸ್ಸಾದಂತೆ ಟಿಎಸ್‌ಎಚ್ ಮಾತು ಕೇಳದೆ ತಾವಾಗಿಯೇ ಹಾರ್ಮೋನು ಸುರಿಸಲು ಶುರು ಮಾಡಬಹುದು. ಇಸಿಜಿಯಲ್ಲಿ ಎಎಫ್, ವೇಗ 138. ಟಿಎಸ್‌ಎಚ್ 0.01ಕ್ಕಿಂತ ಕಡಿಮೆ. ಫ್ರೀ ಟಿ4 3.6, ಇರಬೇಕಾದದ್ದು 1.7ರೊಳಗೆ.

ಹೊಸದಾಗಿ ಎಎಫ್ ಕಂಡ ಯಾರಿಗೇ ಆದರೂ ಟಿಎಸ್‌ಎಚ್ ಮಾಡಿಸಲೇಬೇಕು ಎಂದು ನಾನು ಒತ್ತಿ ಹೇಳುವುದು ಇದಕ್ಕೇ. ಕಾರಣ ಗ್ರಂಥಿಯಲ್ಲಿದ್ದರೆ, ಹೃದಯಕ್ಕೆ ಎಷ್ಟು ಮಾತ್ರೆ ಕೊಟ್ಟರೂ ಅರ್ಧ ಕೆಲಸವೇ ಆಗುತ್ತದೆ.

ಇವರಿಗೆ ಚಿಕಿತ್ಸೆ ಹೇಗೆ ನಡೆಯುತ್ತದೆ? ಎಎಫ್ ವಾಸಿಯಾಗುತ್ತದಾ?

ಮೂರು ಕೆಲಸ ಒಟ್ಟಿಗೆ ಶುರುವಾಗುತ್ತವೆ. ಮೊದಲನೆಯದು ವೇಗ ತಗ್ಗಿಸುವುದು. ಅದಕ್ಕೆ ಪ್ರೊಪ್ರಾನೊಲಾಲ್‌ನಂಥ ಬೀಟಾ ಬ್ಲಾಕರ್ ಮಾತ್ರೆ. ಒಂದೆರಡು ದಿನದಲ್ಲೇ ಎದೆ ಹಗುರಾಗುತ್ತದೆ. ಆದರೆ ಇದು ಗ್ರಂಥಿಯನ್ನು ವಾಸಿ ಮಾಡುವ ಮಾತ್ರೆಯಲ್ಲ. ಆಸ್ತಮಾ ಇದ್ದರೆ ಮೊದಲೇ ಹೇಳಿ, ಪ್ರೊಪ್ರಾನೊಲಾಲ್ ಉಸಿರು ಕಟ್ಟಿಸಬಹುದು. ಬೇರೆ ಮಾತ್ರೆ ಇದೆ.

ಎರಡನೆಯದು ಗ್ರಂಥಿಗೆ ಕಡಿವಾಣ. ಸಾಮಾನ್ಯವಾಗಿ ಕಾರ್ಬಿಮಜೋಲ್. ಇದು ಹೊಸ ಹಾರ್ಮೋನು ತಯಾರಾಗುವುದನ್ನು ತಡೆಯುತ್ತದೆ, ಈಗಾಗಲೇ ಗ್ರಂಥಿಯಲ್ಲಿ ಶೇಖರವಾಗಿರುವುದು ಖರ್ಚಾಗಬೇಕು. ಹಾಗಾಗಿ ಪರಿಣಾಮ ಕಾಣಲು ಕೆಲವು ವಾರ ಬೇಕು. ಈ ಮಾತ್ರೆ ಅಪರೂಪಕ್ಕೆ ರಕ್ತದ ಬಿಳಿಕಣಗಳನ್ನು ತೀರಾ ಇಳಿಸಿಬಿಡುತ್ತದೆ. ಮಾತ್ರೆ ತೆಗೆದುಕೊಳ್ಳುತ್ತಿರುವಾಗ ಜ್ವರವೋ ಗಂಟಲು ನೋವೋ ಬಂದರೆ ಮಾತ್ರೆ ನಿಲ್ಲಿಸಿ ಅದೇ ದಿನ ರಕ್ತಪರೀಕ್ಷೆ ಮಾಡಿಸಬೇಕು. ಇದನ್ನು ಮನೆಯವರೆಲ್ಲರಿಗೂ ಹೇಳಿಟ್ಟಿರಿ. ಗಂಟುಗಳಿಂದ ಬಂದ ಕಾಯಿಲೆ ಮಾತ್ರೆ ಬಿಟ್ಟ ಮೇಲೆ ಮರಳುವುದೇ ಹೆಚ್ಚು. ಅದಕ್ಕೇ ಮುಂದೆ ವಿಕಿರಣದಿಂದ ಗ್ರಂಥಿಯನ್ನು ಕುಗ್ಗಿಸುವ ರೇಡಿಯೋ ಅಯೋಡಿನ್ ಅಥವಾ ಆಪರೇಷನ್ ಬಗ್ಗೆ ಮಾತು ಬರುತ್ತದೆ.

ಮೂರನೆಯದು ರಕ್ತ ಹೆಪ್ಪುಗಟ್ಟದಂತೆ ಕಾಯುವುದು. ಅದಕ್ಕೆ ಮುಂದಿನ ಪ್ರಶ್ನೆ ನೋಡಿ.

ಆರು ವಾರದ ಹೊತ್ತಿಗೆ ಅಜ್ಜಿಯ ಫ್ರೀ ಟಿ4 ಸರಿಯಾಗಿದೆ, ನಾಡಿ 80ಕ್ಕೆ ಇಳಿದಿದೆ, ತಾಳ ಮಾತ್ರ ಇನ್ನೂ ತಪ್ಪಿದೆ. ಟಿಎಸ್‌ಎಚ್ ಇನ್ನೂ 0.01ರಲ್ಲೇ ನಿಂತಿದೆ. ಇದಕ್ಕೆ ಗಾಬರಿ ಬೇಡ, ದಮನಗೊಂಡ ಪಿಟ್ಯುಟರಿ ಚೇತರಿಸಿಕೊಳ್ಳಲು ತಿಂಗಳುಗಳೇ ಹಿಡಿಯುತ್ತವೆ. ಹಾರ್ಮೋನು ಸರಿಹೋದ ಮೇಲೆ ಅರ್ಧಕ್ಕಿಂತ ಹೆಚ್ಚು ಜನರಲ್ಲಿ ಎಎಫ್ ತಾನಾಗಿಯೇ ನಿಲ್ಲುತ್ತದೆ, ಹೆಚ್ಚಾಗಿ ಮೊದಲ ಮೂರು ನಾಲ್ಕು ತಿಂಗಳೊಳಗೆ. ಅದಕ್ಕೇ ಕರೆಂಟ್ ಶಾಕ್ ಕೊಟ್ಟು ತಾಳ ಸರಿಮಾಡುವ ಕಾರ್ಡಿಯೋವರ್ಷನ್ ಅನ್ನು ಡಾಕ್ಟರು ಅಲ್ಲಿಯವರೆಗೆ ಮುಂದೂಡುತ್ತಾರೆ. ಹಾರ್ಮೋನು ಜಾಸ್ತಿ ಇರುವಾಗ ಶಾಕ್ ಕೊಟ್ಟರೆ ತಾಳ ಮತ್ತೆ ತಪ್ಪುವ ಸಂಭವವೇ ಹೆಚ್ಚು. ವಯಸ್ಸು ತುಂಬಾ ಆಗಿದ್ದು, ಎಎಫ್ ಬಹಳ ಕಾಲದಿಂದ ಇದ್ದು, ಮೇಲ್ಕೋಣೆ ಹಿಗ್ಗಿದ್ದರೆ ತಾನಾಗಿ ನಿಲ್ಲುವ ಆಸೆ ಕಡಿಮೆ. ಬೇಗ ಪತ್ತೆಯಾಗುವುದರ ಲಾಭ ಇಲ್ಲೇ ಇರುವುದು.

ರಕ್ತ ತೆಳು ಮಾಡುವ ಮಾತ್ರೆ ಯಾಕೆ? ಬಡಿತ ಸರಿಹೋದ ಮೇಲೆ ನಿಲ್ಲಿಸಬಹುದಲ್ವಾ?

ಮೇಲ್ಕೋಣೆ ಹಿಂಡದೆ ನಡುಗುತ್ತಿದ್ದರೆ ರಕ್ತ ಅಲ್ಲಿ ನಿಲ್ಲುತ್ತದೆ. ಎಡ ಮೇಲ್ಕೋಣೆಗೆ ಅಂಟಿಕೊಂಡು ಒಂದು ಸಣ್ಣ ಚೀಲದಂಥ ಭಾಗವಿದೆ, ಹೆಪ್ಪುಗಟ್ಟುವುದು ಹೆಚ್ಚಾಗಿ ಅಲ್ಲೇ. ಆ ಹೆಪ್ಪು ಕಿತ್ತು ಮೆದುಳಿಗೆ ಹೋದರೆ ಪಾರ್ಶ್ವವಾಯು. ಯಾರಿಗೆ ಮಾತ್ರೆ ಬೇಕು ಎಂಬುದನ್ನು ವಯಸ್ಸು, ಬಿಪಿ, ಸಕ್ಕರೆ ಕಾಯಿಲೆ, ಹಿಂದಿನ ಪಾರ್ಶ್ವವಾಯು, ಹಾರ್ಟ್ ಫೇಲ್ಯೂರ್ ಇವನ್ನು ಲೆಕ್ಕಹಾಕಿ ತೀರ್ಮಾನಿಸುತ್ತಾರೆ. ನಮ್ಮ ಉದಾಹರಣೆಯ ಅಜ್ಜಿಗೆ ವಯಸ್ಸೂ 65 ದಾಟಿದೆ, ಬಿಪಿಯೂ ಇದೆ, ಮಾತ್ರೆ ಬೇಕು. ಆಸ್ಪಿರಿನ್ ಇದಕ್ಕೆ ಬದಲಿ ಅಲ್ಲ. ತಾಳ ಸರಿಯಾದ ದಿನವೇ ನೀವಾಗಿ ನಿಲ್ಲಿಸಬೇಡಿ, ಎಎಫ್ ಸದ್ದಿಲ್ಲದೆ ಬಂದುಹೋಗುತ್ತಿರಬಹುದು.

ರಕ್ತ ತೆಳು ಮಾಡಲು ವಾರ್ಫರಿನ್ ತೆಗೆದುಕೊಳ್ಳುವವರು ಒಂದು ವಿಷಯ ಗಮನದಲ್ಲಿಡಿ. ಥೈರಾಯ್ಡ್ ಜಾಸ್ತಿ ಇದ್ದಾಗ ರಕ್ತ ಹೆಪ್ಪುಗಟ್ಟಿಸುವ ಅಂಶಗಳು ಬೇಗ ಕರಗುತ್ತವೆ, ಆಗ ಸ್ವಲ್ಪ ವಾರ್ಫರಿನ್ ಸಾಕಾಗುತ್ತದೆ. ಕಾರ್ಬಿಮಜೋಲ್ ಕೆಲಸ ಮಾಡಿದಂತೆಲ್ಲ ವಾರ್ಫರಿನ್ ಡೋಸ್ ಹೆಚ್ಚು ಬೇಕಾಗುತ್ತದೆ. ಈ ತಿಂಗಳುಗಳಲ್ಲಿ, ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ತೋರಿಸುವ ಐಎನ್‌ಆರ್ ಪರೀಕ್ಷೆ ಪದೇ ಪದೇ ಬರೆಯುವುದು ಅದಕ್ಕೇ.

ಈಗ ಇನ್ನೊಂದು ಕಡೆ. ಥೈರಾಯ್ಡ್ ಕಡಿಮೆಯಾದರೆ ಕೊಲೆಸ್ಟ್ರಾಲ್ ಯಾಕೆ ಏರುತ್ತದೆ? ನಾನು ಎಣ್ಣೆ ತುಪ್ಪ ಮುಟ್ಟುವುದೇ ಇಲ್ಲ.

ನಿಮ್ಮ ಊಟದ ತಪ್ಪಲ್ಲ. ಕೊಲೆಸ್ಟ್ರಾಲ್ ಹೊತ್ತ ಎಲ್‌ಡಿಎಲ್ ಕಣಗಳು ರಕ್ತದಲ್ಲಿ ಸುತ್ತುತ್ತಿರುತ್ತವೆ. ಅವನ್ನು ರಕ್ತದಿಂದ ತೆಗೆಯುವ ಮುಖ್ಯ ಅಂಗ ಲಿವರ್. ಲಿವರ್ ಜೀವಕೋಶಗಳ ಮೈಮೇಲೆ ಎಲ್‌ಡಿಎಲ್ ರಿಸೆಪ್ಟರ್‌ಗಳಿವೆ, ಬಾವಿಗೆ ಬಿದ್ದ ಕೊಡವನ್ನು ಎತ್ತುವ ಪಾತಾಳಗರಡಿಯ ಕೊಕ್ಕೆಗಳ ಹಾಗೆ. ಎಲ್‌ಡಿಎಲ್ ಕಣ ಸಿಕ್ಕಿಕೊಂಡರೆ ಒಳಗೆ ಎಳೆದುಕೊಳ್ಳುತ್ತವೆ. ಈ ರಿಸೆಪ್ಟರ್‌ಗಳನ್ನು ತಯಾರಿಸುವ ಜೀನ್ ಚುರುಕಾಗಿರಲು ಟಿ3 ಬೇಕು. ಟಿ3 ಕಡಿಮೆಯಾದರೆ ರಿಸೆಪ್ಟರ್‌ಗಳೂ ಕಡಿಮೆ. ಎಲ್‌ಡಿಎಲ್ ಹೆಚ್ಚು ದಿನ ರಕ್ತದಲ್ಲೇ ಉಳಿಯುತ್ತದೆ. ಲಿವರ್ ಕೊಲೆಸ್ಟ್ರಾಲನ್ನು ಪಿತ್ತರಸವಾಗಿ ಬದಲಿಸಿ ಹೊರಹಾಕುವ ಕೆಲಸವೂ ನಿಧಾನವಾಗುತ್ತದೆ. ಹೊಸ ಕೊಲೆಸ್ಟ್ರಾಲ್ ತಯಾರಾಗುವುದೂ ತಗ್ಗುತ್ತದೆ ನಿಜ, ಆದರೆ ಹೊರಹೋಗುವುದು ಅದಕ್ಕಿಂತ ಹೆಚ್ಚು ತಗ್ಗುವುದರಿಂದ ಒಟ್ಟಿನಲ್ಲಿ ರಕ್ತದಲ್ಲಿ ಏರುತ್ತದೆ.

ಟಿಎಸ್‌ಎಚ್ ಪರೀಕ್ಷೆ ಬರುವ ಮೊದಲು, ಥೈರಾಯ್ಡ್ ಸೋತಿದೆಯೇ ಎಂದು ಊಹಿಸಲು ವೈದ್ಯರು ಕೊಲೆಸ್ಟ್ರಾಲ್ ಮಟ್ಟವನ್ನೂ ನೋಡುತ್ತಿದ್ದರು. ಅಷ್ಟು ಹತ್ತಿರದ ನಂಟು ಇದು.

ಕೊಲೆಸ್ಟ್ರಾಲ್ ಜಾಸ್ತಿ ಇದೆ, ಟಿಎಸ್‌ಎಚ್ ಕೂಡ ಜಾಸ್ತಿ. ಎರಡಕ್ಕೂ ಮಾತ್ರೆ ಒಟ್ಟಿಗೆ ಶುರು ಮಾಡಬೇಕಾ?

ಸಾಮಾನ್ಯವಾಗಿ ಮೊದಲು ಥೈರಾಯ್ಡ್. 48 ವರ್ಷದ, 70 ಕೆಜಿ ತೂಕದ ಒಬ್ಬರನ್ನು ತೆಗೆದುಕೊಳ್ಳಿ. ಹೃದಯದ ಕಾಯಿಲೆ ಇಲ್ಲ, ಸಕ್ಕರೆ ಇಲ್ಲ. ಕಂಪನಿಯ ಚೆಕಪ್‌ನಲ್ಲಿ ಎಲ್‌ಡಿಎಲ್ 198. ಕೇಳಿದರೆ ಮಲಬದ್ಧತೆ, ಚಳಿ ತಡೆಯುವುದಿಲ್ಲ, ನಾಡಿ 56, ಬಿಪಿ 134/96. ಟಿಎಸ್‌ಎಚ್ 38, ಫ್ರೀ ಟಿ4 ಕಡಿಮೆ. ಥೈರಾಯ್ಡ್ ಹಾರ್ಮೋನಿನ ಮಾತ್ರೆಯಾದ ಲೆವೊಥೈರಾಕ್ಸಿನ್‌ನ ಪೂರ್ತಿ ಡೋಸ್ ಕೆಜಿಗೆ ಸುಮಾರು 1.6 ಮೈಕ್ರೋಗ್ರಾಂ, ಅಂದರೆ ಇವರಿಗೆ 112ರ ಹತ್ತಿರ. 100 ಮೈಕ್ರೋಗ್ರಾಂ ಲೆವೊಥೈರಾಕ್ಸಿನ್ ಶುರು ಮಾಡುತ್ತಾರೆ. ಆರೆಂಟು ವಾರಕ್ಕೆ ಟಿಎಸ್‌ಎಚ್ ನೋಡಿ ಡೋಸ್ ಸರಿಪಡಿಸುತ್ತಾರೆ. ಟಿಎಸ್‌ಎಚ್ 3ಕ್ಕೆ ಬಂದ ಮೇಲೆ ಕೊಲೆಸ್ಟ್ರಾಲ್ ಮತ್ತೆ ನೋಡಿದರೆ ಎಲ್‌ಡಿಎಲ್ 130ರ ಆಸುಪಾಸಿಗೆ ಇಳಿದಿರುವುದು ಆಶ್ಚರ್ಯವಲ್ಲ. ಕೆಳಗಿನ ಬಿಪಿಯೂ ಇಳಿಯುತ್ತದೆ, ಏಕೆಂದರೆ ಟಿ3 ಇಲ್ಲದೆ ಬಿಗಿದುಕೊಂಡಿದ್ದ ರಕ್ತನಾಳಗಳು ಈಗ ಸಡಿಲಾಗಿವೆ. ಕೊಲೆಸ್ಟ್ರಾಲ್ ಮಾತ್ರೆ ಬೇಕೋ ಬೇಡವೋ ಎಂದು ತೀರ್ಮಾನಿಸಬೇಕಾದದ್ದು ಈ ಎರಡನೇ ರಿಪೋರ್ಟ್ ನೋಡಿ.

ಇದಕ್ಕೆ ಇನ್ನೊಂದು ಕಾರಣವೂ ಇದೆ. ಥೈರಾಯ್ಡ್ ಕಡಿಮೆ ಇರುವವರಿಗೆ ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ಕೊಟ್ಟರೆ ಮಾಂಸಖಂಡ ನೋವು, ಸ್ನಾಯು ಹಾನಿಯ ಸಂಭವ ಜಾಸ್ತಿ. ಸ್ಟ್ಯಾಟಿನ್ ಶುರು ಮಾಡಿದ ಮೇಲೆ ತೊಡೆ, ತೋಳು ನೋಯುತ್ತಿದ್ದರೆ ಟಿಎಸ್‌ಎಚ್ ಮಾಡಿಸಿದ್ದಾರಾ ಅಂತ ಕೇಳಿ. ಆದರೆ ಹಾರ್ಟ್ ಅಟ್ಯಾಕ್ ಆಗಿದ್ದವರು, ಸ್ಟೆಂಟ್ ಹಾಕಿಸಿಕೊಂಡವರು ಈ ಭಾಗ ಓದಿ ಸ್ಟ್ಯಾಟಿನ್ ನಿಲ್ಲಿಸಬಾರದು. ಅವರಿಗೆ ಅದು ಬೇಕೇ ಬೇಕು, ಎರಡೂ ಜೊತೆಯಲ್ಲಿ ನಡೆಯಬೇಕು.

ನನ್ನ ಟಿಎಸ್‌ಎಚ್ 6. ಫ್ರೀ ಟಿ4 ಸರಿ ಇದೆ. ಕೊಲೆಸ್ಟ್ರಾಲ್ ಇದರಿಂದಲೇ ಬಂದಿದೆಯಾ?

ಪೂರ್ತಿ ಇದರಿಂದಲೇ ಅನ್ನಲಾಗದು. ಟಿಎಸ್‌ಎಚ್ 10 ದಾಟಿದವರಲ್ಲಿ ನಂಟು ಗಟ್ಟಿ, ಅವರಿಗೆ ಮಾತ್ರೆ ಕೊಡುವುದೇ ಹೆಚ್ಚು. 5, 6ರಲ್ಲಿ ಇರುವವರಿಗೆ ಮಾತ್ರೆಯಿಂದ ಎಲ್‌ಡಿಎಲ್ ಇಳಿಯುವುದು ಸ್ವಲ್ಪವೇ. ಎರಡು ಮೂರು ತಿಂಗಳು ಬಿಟ್ಟು ಪರೀಕ್ಷೆ ಮರಳಿ ಮಾಡಿಸಿ, ಎಷ್ಟೋ ಸಲ ತಾನಾಗಿ ಇಳಿದಿರುತ್ತದೆ. ಎಪ್ಪತ್ತು ದಾಟಿದವರಲ್ಲಿ ಈ ಮಟ್ಟಕ್ಕೆ ಅವಸರದಿಂದ ಮಾತ್ರೆ ಶುರು ಮಾಡುವುದು ನನಗಂತೂ ಸರಿ ಕಾಣುವುದಿಲ್ಲ. ಗರ್ಭಿಣಿಯರ ಲೆಕ್ಕ ಬೇರೆ, ಅವರು ಕಾಯಬಾರದು.

ಸ್ಟೆಂಟ್ ಹಾಕಿಸಿದ ಅಪ್ಪನಿಗೆ ಥೈರಾಯ್ಡ್ ಕಡಿಮೆ ಅಂತ ಬಂದಿದೆ. 25 ಮೈಕ್ರೋಗ್ರಾಂ ಮಾತ್ರ ಕೊಟ್ಟಿದ್ದಾರೆ, ಸಾಕಾ?

ಬೇಕೆಂದೇ ಕಡಿಮೆಯಿಂದ ಶುರು ಮಾಡಿದ್ದಾರೆ. ನಿಧಾನವಾಗಿ ಬಡಿಯುತ್ತಿದ್ದ ಹೃದಯಕ್ಕೆ ಒಮ್ಮೆಲೇ ಪೂರ್ತಿ ಡೋಸ್ ಕೊಟ್ಟರೆ ಅದರ ಆಮ್ಲಜನಕದ ಬೇಡಿಕೆ ಏರುತ್ತದೆ. ಕಿರಿದಾದ ರಕ್ತನಾಳ ಅಷ್ಟು ಪೂರೈಸದಿದ್ದರೆ ಎದೆನೋವು. ಅದಕ್ಕೇ 12.5 ಅಥವಾ 25ರಿಂದ ಶುರು ಮಾಡಿ ಆರೆಂಟು ವಾರಕ್ಕೊಮ್ಮೆ ಸ್ವಲ್ಪ ಸ್ವಲ್ಪ ಏರಿಸುತ್ತಾರೆ. ಡೋಸ್ ಏರಿಸಿದ ಮೇಲೆ ನಡೆಯುವಾಗ ಎದೆ ಹಿಂಡಿದಂತಾದರೆ ಮುಂದಿನ ಅಪಾಯಿಂಟ್‌ಮೆಂಟ್‌ವರೆಗೆ ಕಾಯದೆ ತಿಳಿಸಿ.

ಥೈರಾಯ್ಡ್ ಮಾತ್ರೆಯೇ ಎದೆಬಡಿತ ತರಬಹುದಾ?

ಖಂಡಿತ, ಡೋಸ್ ಜಾಸ್ತಿಯಾದರೆ. ಹೃದಯಕ್ಕೆ ಹಾರ್ಮೋನು ಗ್ರಂಥಿಯಿಂದ ಬಂತೋ ಮಾತ್ರೆಯಿಂದ ಬಂತೋ ಗೊತ್ತಾಗುವುದಿಲ್ಲ. ಅಮೆರಿಕದ ಫ್ರಾಮಿಂಗ್‌ಹ್ಯಾಮ್ ಅಧ್ಯಯನದ 1994ರ ವರದಿಯಲ್ಲಿ, 60 ದಾಟಿದವರಲ್ಲಿ ಟಿಎಸ್‌ಎಚ್ 0.1 ಅಥವಾ ಅದಕ್ಕಿಂತ ಕಡಿಮೆ ಇದ್ದವರಿಗೆ ಮುಂದಿನ ಹತ್ತು ವರ್ಷದಲ್ಲಿ ಎಎಫ್ ಬರುವ ಸಂಭವ ಉಳಿದವರ ಮೂರು ಪಟ್ಟು ಇತ್ತು. ಎಷ್ಟೋ ಜನ ಹತ್ತು ವರ್ಷದ ಹಿಂದಿನ ಚೀಟಿಯನ್ನೇ ಮೆಡಿಕಲ್ ಶಾಪಿನಲ್ಲಿ ತೋರಿಸಿ ಅದೇ ಡೋಸ್ ನುಂಗುತ್ತಿರುತ್ತಾರೆ. ಆ ನಡುವೆ ತೂಕ ಇಳಿದಿರುತ್ತದೆ, ವಯಸ್ಸು ಏರಿರುತ್ತದೆ, ಬೇಕಾದ ಡೋಸ್ ತಗ್ಗಿರುತ್ತದೆ. ಡೋಸ್ ಸ್ಥಿರವಾಗಿದ್ದರೂ ವರ್ಷಕ್ಕೊಮ್ಮೆಯಾದರೂ ಟಿಎಸ್‌ಎಚ್ ಮಾಡಿಸಿ. ತೂಕ ಇಳಿಸಲೆಂದು ಈ ಮಾತ್ರೆ ತೆಗೆದುಕೊಳ್ಳುವುದು ಹೃದಯಕ್ಕೆ ನೇರ ಅಪಾಯ.

ಇನ್ನೊಂದು ನಮ್ಮ ಮನೆಗಳಲ್ಲಿ ದಿನಾ ಆಗುವುದು. ಎದ್ದ ಕೂಡಲೇ ಮಾತ್ರೆ, ಅದರ ಹಿಂದೆಯೇ ಒಂದು ಲೋಟ ಫಿಲ್ಟರ್ ಕಾಫಿ. ಕಾಫಿ ಮಾತ್ರೆಯನ್ನು ಪೂರ್ತಿ ಹೀರಿಕೊಳ್ಳಲು ಬಿಡುವುದಿಲ್ಲ. ಟಿಎಸ್‌ಎಚ್ ಇಳಿಯಲಿಲ್ಲ ಅಂತ ಡೋಸ್ ಏರಿಸುತ್ತಾರೆ. ಆಮೇಲೊಂದು ದಿನ ಕಾಫಿ ಬಿಟ್ಟರೆ ಅಥವಾ ಹೊತ್ತು ಬದಲಿಸಿದರೆ ಅದೇ ಡೋಸ್ ಅತಿಯಾಗುತ್ತದೆ. ಮಾತ್ರೆಯನ್ನು ಬರೀ ನೀರಿನಲ್ಲಿ ನುಂಗಿ, ಕಾಫಿಗೆ ಅರ್ಧದಿಂದ ಒಂದು ಗಂಟೆ ಕಾಯಿರಿ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗಳಿಗೆ ನಾಲ್ಕು ಗಂಟೆ ಅಂತರ ಬೇಕು.

ಕೂದಲು ಉದುರುವುದಕ್ಕೆ ಮಾತ್ರೆ ತೆಗೆದುಕೊಳ್ಳುತ್ತೇನೆ. ಟೆಸ್ಟಿಗೆ ತೊಂದರೆಯಾ?

ಅದರಲ್ಲಿ ಬಯೋಟಿನ್ ಎಂಬ ವಿಟಮಿನ್ ಇದ್ದರೆ ಆಗಬಹುದು. ಕೆಲವು ಲ್ಯಾಬ್ ವಿಧಾನಗಳಲ್ಲಿ ಬಯೋಟಿನ್‌ನಿಂದ ಟಿಎಸ್‌ಎಚ್ ಸುಳ್ಳಾಗಿ ಕಡಿಮೆ, ಟಿ4 ಸುಳ್ಳಾಗಿ ಜಾಸ್ತಿ ಬರುತ್ತದೆ. ರಕ್ತ ಕೊಡುವ ಎರಡು ಮೂರು ದಿನ ಮೊದಲೇ ನಿಲ್ಲಿಸಿ.

ಹೃದಯದ ತಾಳಕ್ಕೆ ಅಮಿಯೊಡರೋನ್ ಕೊಟ್ಟಿದ್ದಾರೆ. ಅದಕ್ಕೆ ಥೈರಾಯ್ಡ್ ಟೆಸ್ಟ್ ಯಾಕೆ?

ಆ ಮಾತ್ರೆಯ ತೂಕದಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಅಯೋಡಿನ್. 200 ಮಿಲಿಗ್ರಾಂ ಮಾತ್ರೆಯಲ್ಲಿ ಸುಮಾರು 75 ಮಿಲಿಗ್ರಾಂ. ದಿನಕ್ಕೆ ದೇಹಕ್ಕೆ ಬೇಕಾದದ್ದು 0.15 ಮಿಲಿಗ್ರಾಂ ಮಾತ್ರ. ಇದರಿಂದ ಥೈರಾಯ್ಡ್ ಸೋಲಲೂಬಹುದು, ಕೆರಳಲೂಬಹುದು. ಶುರು ಮಾಡುವ ಮೊದಲು ಒಮ್ಮೆ, ಆಮೇಲೆ ಆರು ತಿಂಗಳಿಗೊಮ್ಮೆ ಟಿಎಸ್‌ಎಚ್ ಬೇಕು. ಹತೋಟಿಯಲ್ಲಿದ್ದ ತಾಳ ಇದ್ದಕ್ಕಿದ್ದಂತೆ ಮತ್ತೆ ತಪ್ಪಿದರೆ ಮೊದಲು ಥೈರಾಯ್ಡ್ ನೋಡಬೇಕು. ಈ ಮಾತ್ರೆ ನಿಲ್ಲಿಸಿದ ಮೇಲೂ ತಿಂಗಳುಗಟ್ಟಲೆ ದೇಹದಲ್ಲಿರುತ್ತದೆ, ತೊಂದರೆ ಆಮೇಲೂ ಬರಬಹುದು.

ಯಾವಾಗ ಕಾಯದೆ ಆಸ್ಪತ್ರೆಗೆ ಓಡಬೇಕು?

ಎದೆನೋವು, ತಲೆ ಸುತ್ತಿ ಬೀಳುವುದು, ಮಲಗಿದರೆ ಉಸಿರು ಕಟ್ಟಿ ಎದ್ದು ಕೂರುವಂತಾಗುವುದು, ಕೂತಲ್ಲೇ ನಾಡಿ 120 ದಾಟಿ ಇಳಿಯದೇ ಇರುವುದು, ಇವಕ್ಕೆ ಅದೇ ದಿನ ಹೋಗಿ. ಬಾಯಿ ಸೊಟ್ಟಗಾದರೆ, ಮಾತು ತೊದಲಿದರೆ, ಒಂದು ಕೈ ಎತ್ತಲಾಗದಿದ್ದರೆ ತಕ್ಷಣ 108ಕ್ಕೆ ಫೋನ್ ಮಾಡಿ, ಶುರುವಾದ ಹೊತ್ತನ್ನು ಬರೆದಿಟ್ಟುಕೊಳ್ಳಿ. ಥೈರಾಯ್ಡ್ ಜಾಸ್ತಿ ಇರುವವರಿಗೆ ಸೋಂಕೋ ಆಪರೇಷನ್ನೋ ಆದಾಗ, ಅಥವಾ ಕಾರ್ಬಿಮಜೋಲ್ ತಟ್ಟನೆ ಬಿಟ್ಟಾಗ, ಜೋರು ಜ್ವರ, ವಾಂತಿ ಭೇದಿ, ಬಡಬಡಿಕೆ, ಹತೋಟಿಗೆ ಬಾರದ ಎದೆಬಡಿತ ಒಟ್ಟಿಗೆ ಬಂದರೆ ಅದನ್ನು ಥೈರಾಯ್ಡ್ ಸ್ಟಾರ್ಮ್ ಎನ್ನುತ್ತಾರೆ. ಅದಕ್ಕೆ ಐಸಿಯು ಬೇಕು, ಹತ್ತಿರದ ಕ್ಲಿನಿಕ್ ಸಾಲದು. ಹೊರಡುವಾಗ ಹಳೆಯ ಥೈರಾಯ್ಡ್ ರಿಪೋರ್ಟ್, ಈಗ ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿ ಜೊತೆಗಿರಲಿ.